ಪ್ರತಿಚಯನ ವಿಧಾನಗಳು

ಪ್ರತಿಚಯನವೆಂದರೆ ಅಧ್ಯಯನಕ್ಕೆ ಒಳಪಟ್ಟ ಇಡೀ ಸಮೂಹದಿಂದ, ಅಂದರೆ ಸಮಷ್ಟಿಯಿಂದ, ಒಂದು ಭಾಗವನ್ನು ಆರಿಸಿ ಅದರ ಮೂಲಕ ಸಮಷ್ಟಿಯ ಗುಣಗಳನ್ನು ಅಂದಾಜು ಮಾಡುವ ಸಂಖ್ಯಾಶಾಸ್ತ್ರೀಯ ಕ್ರಮ. ಆಯ್ಕೆಯಾಗುವ ಸಂಭವ ಪ್ರತಿಯೊಂದು ಘಟಕಕ್ಕೂ ಇದ್ದು, ಅದರ ಪ್ರಮಾಣ ಮೊದಲೇ ತಿಳಿದಿದ್ದರೆ ಅದನ್ನು ಸಂಭವನೀಯತಾ ಪ್ರತಿಚಯನವೆನ್ನುತ್ತಾರೆ.

ಚೀಟಿ ಎತ್ತಿದಂತೆ ಆರಿಸುವ ಸರಳ ಯಾದೃಚ್ಛಿಕ ವಿಧಾನದಲ್ಲಿ ಆಯ್ಕೆ ನಿಷ್ಪಕ್ಷಪಾತವಾಗಿದ್ದರೂ, ಆಧಾರಪಟ್ಟಿ ಅಪೂರ್ಣವಾಗಿದ್ದರೆ ಓರೆ ಅಲ್ಲಿಂದಲೇ ನುಸುಳುತ್ತದೆ. ಪ್ರತಿ ಹತ್ತನೆಯ ಮನೆಯನ್ನು ಆರಿಸುವ ಕ್ರಮಬದ್ಧ ವಿಧಾನದಲ್ಲಿ, ಸಾಲಿಗೆ ಹತ್ತೇ ಮನೆಗಳಿದ್ದರೆ, ಮೂಲೆಮನೆಗಳೇ ಮತ್ತೆ ಮತ್ತೆ ಬರಬಹುದು.

ಓರೆಗೆ ಪ್ರಸಿದ್ಧ ನಿದರ್ಶನ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯದು. ಲಿಟರರಿ ಡೈಜೆಸ್ಟ್ ಪತ್ರಿಕೆ ದೂರವಾಣಿ, ಮೋಟಾರು ಮಾಲೀಕರ ಪಟ್ಟಿ ಮುಂತಾದವುಗಳಿಂದ ಸುಮಾರು 1 ಕೋಟಿ ಜನರಿಗೆ ಮತಚೀಟಿ ಕಳುಹಿಸಿ, ಮರಳಿ ಬಂದ ಸುಮಾರು 23 ಲಕ್ಷ ಚೀಟಿಗಳಿಂದ ಅಭ್ಯರ್ಥಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಆದರೆ ಅವರ ಎದುರಾಳಿ ರೂಸ್ವೆಲ್ಟ್ ಸುಮಾರು ಶೇ. 61 ಮತಗಳಿಂದ ಗೆದ್ದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದ ಬಡ ಮತದಾರರು ಪಟ್ಟಿಗಳಲ್ಲಿ ವಿರಳವಾಗಿದ್ದುದಲ್ಲದೆ, ಉತ್ತರಿಸಿದವರ ಒಲವು ಉತ್ತರಿಸದವರದಕ್ಕಿಂತ ಬೇರೆಯಾಗಿತ್ತು. ಈ ಎರಡನೆಯದನ್ನು ಅನುತ್ತರ ಓರೆ ಎನ್ನುತ್ತಾರೆ. ಪ್ರತಿಚಯ ಎಷ್ಟು ದೊಡ್ಡದಾದರೂ ಇಂಥ ದೋಷ ಕರಗುವುದಿಲ್ಲ.

ವಯಸ್ಸು, ಲಿಂಗ ಮೊದಲಾದವುಗಳ ಪಾಲಿಗೆ ತಕ್ಕಂತೆ ಜನರನ್ನು ಭರ್ತಿಮಾಡುವ ಕೋಟಾ ವಿಧಾನ ಅದೇ ವರ್ಷ ಮತಸಮೀಕ್ಷಕ ಗ್ಯಾಲಪ್‌ಗೆ ಯಶಸ್ಸು ತಂದಿತಾದರೂ, 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಟ್ರೂಮನ್ ಸೋಲುವರೆಂಬ ತಪ್ಪು ಮುನ್ಸೂಚನೆ ನೀಡಿತು. ಕೋಟಾದೊಳಗೆ ಯಾರನ್ನು ಕೇಳಬೇಕೆಂಬುದು ಸಂದರ್ಶಕರ ಇಚ್ಛೆಗೆ ಬಿಟ್ಟದ್ದಾದ್ದರಿಂದ ಸುಲಭವಾಗಿ ಸಿಗುವವರೇ ಹೆಚ್ಚಾಗಿ ಸೇರುವುದು ಇದರ ದೌರ್ಬಲ್ಯ. ಯಾವ ವಿಧಾನದಲ್ಲೇ ಆಗಲಿ, ಉತ್ತರಿಸಿದವರ ವಯಸ್ಸು, ವರಮಾನಗಳನ್ನು ಜನಗಣತಿಯೊಂದಿಗೆ ಹೋಲಿಸಿ ಓರೆಯ ಸುಳಿವು ಪಡೆಯಬಹುದಾದರೂ, ಗಣತಿಯಲ್ಲಿ ದಾಖಲಾಗದ ಗುಣಗಳಲ್ಲಿನ ಓರೆ ಈ ಪರೀಕ್ಷೆಗೆ ನಿಲುಕುವುದಿಲ್ಲ.