ಪಿಂಗ್ ಮತ್ತು ಟ್ರೇಸ್‌ರೂಟ್

ಲ್ಯಾಪ್‌ಟಾಪ್‌ನಿಂದ ದೂರದ ಕಂಪ್ಯೂಟರೊಂದರವರೆಗಿನ ಜಾಲದ ದಾರಿಯನ್ನು ಪರೀಕ್ಷಿಸುವ ಎರಡು ಪುಟ್ಟ ಸಾಧನಗಳು ಇವು. ಪಿಂಗ್ ಒಂದೊಂದಾಗಿ ಪ್ಯಾಕೆಟ್‌ಗಳನ್ನು ಕಳಿಸಿ, ಉತ್ತರ ಮರಳಿ ಬರಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಉತ್ತರಗಳು ಬರಲೇ ಇಲ್ಲ ಎಂದು ಲೆಕ್ಕ ಕೊಡುತ್ತದೆ. ಟ್ರೇಸ್‌ರೂಟ್ ನಡುವೆ ಸಿಗುವ ರೂಟರ್‌ಗಳನ್ನು ಒಂದೊಂದಾಗಿ ಮಾತಾಡಿಸಿ, ಪ್ರತಿಯೊಂದರ ಉತ್ತರಕ್ಕೆ ಹಿಡಿದ ಸಮಯವನ್ನು ಸಾಲುಸಾಲಾಗಿ ಬರೆಯುತ್ತದೆ. ಎರಡೂ 1980ರ ದಶಕದಲ್ಲೇ ಸಿದ್ಧವಾದವು. ಅವು ಹೇಳುವುದನ್ನು ಸರಿಯಾಗಿ ಓದುವುದನ್ನು ಕಲಿಯಲು ಮಾತ್ರ ಇನ್ನೂ ಎರಡು ದಶಕ ಬೇಕಾಯಿತು.

ಒಂದು ರಾತ್ರಿಯ ಕೆಲಸ

1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 792, ಜಾಲದ ಯಂತ್ರಗಳು ತಮ್ಮ ಕಷ್ಟಸುಖ ಹೇಳಿಕೊಳ್ಳುವ ಐಸಿಎಂಪಿ ಎಂಬ ನಿಯಮಾವಳಿಯನ್ನು ರೂಪಿಸಿತು. 'ಎಕೋ' ಎಂಬ ಸಂದೇಶ ಬಂದರೆ ಅದನ್ನು ಹಾಗೆಯೇ ಹಿಂದಿರುಗಿಸಬೇಕು ಎಂಬ ಕಟ್ಟಳೆ ಅದರಲ್ಲಿತ್ತು. ಈ ಸಂದೇಶದಿಂದ ದಾರಿಯ ವಿಳಂಬವನ್ನು ಅಳೆಯಬಹುದೆಂದು ಡೇವಿಡ್ ಮಿಲ್ಸ್ 1983ರಲ್ಲಿ ನಾರ್ವೆಯ ಸಭೆಯೊಂದರಲ್ಲಿ ಪ್ರಸ್ತಾಪಿಸಿದ್ದರು. ಆ ಮಾತು ಮೈಕ್ ಮೂಸ್ ಅವರ ತಲೆಯಲ್ಲಿ ಉಳಿದಿತ್ತು.

ಮೂಸ್ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಜಾಲ ವಿಚಿತ್ರವಾಗಿ ವರ್ತಿಸತೊಡಗಿತು. ಒಂದು ಸಂಜೆ ಕುಳಿತ ಅವರು ಬೆಳಗಾಗುವಷ್ಟರಲ್ಲಿ ಪ್ರೋಗ್ರಾಂ ಬರೆದು ಮುಗಿಸಿದರು. ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಸದ್ದಿನಿಂದ ಹೆಸರು ಬಂತು. ಸದ್ದು ಹೋಗಿ ಪ್ರತಿಧ್ವನಿ ಮರಳಲು ಹಿಡಿಯುವ ಸಮಯದಿಂದ ದೂರ ತಿಳಿಯುವ ತತ್ವವೇ ಇಲ್ಲಿಯೂ ಇದೆ. ತಮಾಷೆಯೆಂದರೆ, ಮೊದಲ ಪಿಂಗ್ ಹೊರಡುವ ಮೊದಲೇ ಸಹೋದ್ಯೋಗಿಯೊಬ್ಬರು ಕೆಟ್ಟ ಯಂತ್ರವನ್ನು ಪತ್ತೆ ಹಚ್ಚಿ ಸರಿಪಡಿಸಿಬಿಟ್ಟಿದ್ದರು.

ಪಿಂಗ್‌ಗೆ ಒಂದು ಮಿತಿ ಇತ್ತು. ಆಚೆ ತುದಿಯಿಂದ ಉತ್ತರ ತಡವಾಯಿತು ಎಂದು ಅದು ಹೇಳುತ್ತದೆ. ನಡುದಾರಿಯಲ್ಲಿ ಎಲ್ಲಿ ತಡವಾಯಿತು ಎಂದು ಹೇಳಲಾರದು.

ಸಾಯುವ ಪ್ಯಾಕೆಟ್‌ಗಳಿಂದ ಸುದ್ದಿ

ಈ ಕೊರತೆ ತುಂಬಿದವರು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್. 1986ರ ಅಕ್ಟೋಬರಿನಲ್ಲಿ ಅವರ ಪ್ರಯೋಗಾಲಯಕ್ಕೂ ಸುಮಾರು 400 ಗಜ ದೂರದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿದಿತ್ತು. ಆ ದಟ್ಟಣೆಯ ಕಾರಣ ಹುಡುಕಿ ಪರಿಹಾರ ಕೊಟ್ಟವರಲ್ಲಿ ಅವರು ಪ್ರಮುಖರು. ಸ್ಟೀವ್ ಡೀರಿಂಗ್ ನೀಡಿದ ಸಲಹೆಯೊಂದನ್ನು ಹಿಡಿದು, ದಾರಿ ತಪ್ಪಿದ ಪ್ಯಾಕೆಟ್‌ಗಳ ಸಮಸ್ಯೆಯೊಂದರ ಬೆನ್ನು ಹತ್ತಿ, ಎರಡು ದಿನ ನಿದ್ದೆಗೆಟ್ಟು ಅವರು ಬರೆದದ್ದೇ ಟ್ರೇಸ್‌ರೂಟ್. ಅದು 1988ರ ಡಿಸೆಂಬರಿನಲ್ಲಿ ಹೊರಬಂತು.

ಪ್ರತಿ ಪ್ಯಾಕೆಟ್ ಮೇಲೂ ಟಿಟಿಎಲ್ ಎಂಬ ಅಂಕಿ ಇರುತ್ತದೆ. ದಾರಿಯಲ್ಲಿ ಸಿಗುವ ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಎಸೆದು, ಕಳಿಸಿದವರಿಗೆ 'ಅವಧಿ ಮುಗಿಯಿತು' ಎಂದು ತಿಳಿಸುತ್ತದೆ. ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತುತ್ತಿರಬಾರದೆಂದು ಮಾಡಿದ ಏರ್ಪಾಡು ಇದು. ಟ್ರೇಸ್‌ರೂಟ್ ಇದನ್ನೇ ಬೇರೆ ಕೆಲಸಕ್ಕೆ ಬಳಸಿತು. ಟಿಟಿಎಲ್ 1 ಎಂದು ಕಳಿಸಿದರೆ ಮೊದಲ ರೂಟರ್, 2 ಎಂದರೆ ಎರಡನೆಯದು ಉತ್ತರಿಸುತ್ತದೆ. ಹೀಗೆ ಒಂದೊಂದು ನೆಲೆಗೂ, ಅಂದರೆ ಹಾಪ್‌ಗೂ, ಮೂರು ಪ್ಯಾಕೆಟ್ ಕಳಿಸಿ ಮೂರು ಸಮಯಗಳನ್ನು ಅದು ಬರೆಯುತ್ತದೆ. ಉತ್ತರ ಬರದಿದ್ದಲ್ಲಿ ನಕ್ಷತ್ರದ ಗುರುತು ಹಾಕುತ್ತದೆ. ಮೂಲ ಪ್ರೋಗ್ರಾಂ ಯುಡಿಪಿ ಪ್ಯಾಕೆಟ್ ಬಳಸುತ್ತದೆ. ವಿಂಡೋಸ್‌ನ `tracert` ಪಿಂಗ್‌ನ ಎಕೋ ಸಂದೇಶವನ್ನೇ ಬಳಸುತ್ತದೆ. ಆದ್ದರಿಂದ ಒಂದೇ ದಾರಿಯಲ್ಲಿ ಎರಡೂ ಬೇರೆ ಬೇರೆ ನಕ್ಷತ್ರಗಳನ್ನು ತೋರಿಸುವುದುಂಟು.

ಸುಳ್ಳು ಆರೋಪ ಹೊತ್ತ ಮೂರನೆಯ ಸಾಲು

ಓದುವ ಬಗೆಯನ್ನು ಒಂದು ಮಾದರಿಯಿಂದ ತಿಳಿಯಬಹುದು. ಬೆಂಗಳೂರಿನ ಮನೆಯೊಂದರಿಂದ ಚೆನ್ನೈ ಮೂಲಕ ಸಿಂಗಪುರದ ಸರ್ವರ್‌ಗೆ ಹೋಗುವ ದಾರಿ ಇದು ಎಂದುಕೊಳ್ಳೋಣ. ಒಂದನೆಯದನ್ನು ಬಿಟ್ಟು ಉಳಿದ ವಿಳಾಸಗಳು ಉದಾಹರಣೆಗಳಿಗೆಂದೇ ಮೀಸಲಿಟ್ಟವು.

```
  1     2 ms     2 ms     3 ms  192.168.1.1
  2     9 ms     8 ms     9 ms  192.0.2.1
  3    11 ms    94 ms     *     198.51.100.9
  4    14 ms    13 ms    14 ms  198.51.100.33
  5    48 ms    49 ms    48 ms  203.0.113.5
  6    49 ms    48 ms    50 ms  203.0.113.80
```

ಹೊಸಬರ ಕಣ್ಣು ಮೊದಲು ಮೂರನೆಯ ಸಾಲಿಗೆ ಬೀಳುತ್ತದೆ. ಒಂದು ಉತ್ತರಕ್ಕೆ 94 ಮಿಲಿಸೆಕೆಂಡ್, ಇನ್ನೊಂದು ಬಂದೇ ಇಲ್ಲ. ಆ ರೂಟರ್ ಕೆಟ್ಟಿದೆ ಎಂದು ದೂರು ಹೋಗುವುದೇ ಹೆಚ್ಚು. ಆದರೆ ನಾಲ್ಕನೆಯ ಸಾಲಿಗೆ ಹೋದ ಪ್ಯಾಕೆಟ್‌ಗಳೂ ಅದೇ ಮೂರನೆಯ ರೂಟರನ್ನು ದಾಟಿಯೇ ಹೋದವು. ಅವು 14 ಮಿಲಿಸೆಕೆಂಡಿಗೆ ಉತ್ತರ ತಂದಿವೆ, ಒಂದೂ ಕಳೆದುಹೋಗಿಲ್ಲ. ಅಲ್ಲಿ ನಿಜವಾಗಿ ತಡೆಯಿದ್ದಿದ್ದರೆ ಮುಂದಿನ ಸಾಲುಗಳೆಲ್ಲ ಅದನ್ನು ಹೊತ್ತುಕೊಂಡೇ ಬರಬೇಕಿತ್ತು.

ಹೀಗಾಗಲು ಕಾರಣ ರೂಟರಿನ ಒಳರಚನೆ. ದೊಡ್ಡ ರೂಟರ್‌ಗಳಲ್ಲಿ ಹಾದುಹೋಗುವ ಪ್ಯಾಕೆಟ್‌ಗಳನ್ನು ಅದಕ್ಕೆಂದೇ ಮಾಡಿದ ಚಿಪ್‌ಗಳು ಮುಂದಕ್ಕೆ ದಾಟಿಸುತ್ತವೆ. 'ಅವಧಿ ಮುಗಿಯಿತು' ಎಂಬ ಉತ್ತರ ಬರೆಯುವ ಕೆಲಸ ಸಾಮಾನ್ಯವಾಗಿ ನಿಧಾನದ ಪ್ರೊಸೆಸರ್ ಪಾಲಿಗೆ ಬರುತ್ತದೆ. ಅದು ಬೇರೆ ಕೆಲಸದಲ್ಲಿ ಮುಳುಗಿದ್ದರೆ ಉತ್ತರ ತಡವಾಗುತ್ತದೆ. ಜೊತೆಗೆ, ರೂಟರ್‌ಗಳು ಇಂಥ ದೋಷಸಂದೇಶಗಳ ಪ್ರಮಾಣಕ್ಕೆ ಮಿತಿ ಹಾಕುವಂತಿರಬೇಕು ಎಂದು 1995ರ ಆರ್‌ಎಫ್‌ಸಿ 1812 ಸೂಚಿಸಿತು. ಆ ಮಿತಿ ದಾಟಿದಾಗ ರೂಟರ್ ಸುಮ್ಮನಾಗುತ್ತದೆ, ತೆರೆಯ ಮೇಲೆ ನಕ್ಷತ್ರ ಮೂಡುತ್ತದೆ.

ನಾಲ್ಕರಿಂದ ಐದಕ್ಕೆ ಸಮಯ 34 ಮಿಲಿಸೆಕೆಂಡ್ ಏರಿದೆ, ಆ ಏರಿಕೆ ಕೊನೆಯವರೆಗೂ ಉಳಿದಿದೆ. ಇದು ನಿಜವಾದ ವಿಳಂಬ, ಆದರೆ ದೋಷವಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿಬರಲು 1 ಮಿಲಿಸೆಕೆಂಡ್. ಚೆನ್ನೈನಿಂದ ಸಿಂಗಪುರ ನೇರವಾಗಿ ಸುಮಾರು 2,900 ಕಿಲೋಮೀಟರ್. 29 ಮಿಲಿಸೆಕೆಂಡಿಗಿಂತ ಬೇಗ ಉತ್ತರ ತರಿಸಲು ಯಾವ ಕೇಬಲ್ ಕಂಪನಿಗೂ ಸಾಧ್ಯವಿಲ್ಲ.

ಮರಳುವ ದಾರಿ ಬೇರೆ

ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಬರೆಯುವ ಸಮಯ ಹೋಗಿಬರುವ ಎರಡೂ ದಾರಿಯದು. 1990ರ ದಶಕದ ಮಧ್ಯದಲ್ಲಿ ವರ್ನ್ ಪ್ಯಾಕ್ಸನ್ 37 ತಾಣಗಳ ನಡುವೆ ಸುಮಾರು 40,000 ಟ್ರೇಸ್‌ರೂಟ್‌ಗಳನ್ನು ಓಡಿಸಿ ಅಧ್ಯಯನ ಮಾಡಿದರು. 1995ರ ಕೊನೆಯ ಹೊತ್ತಿಗೆ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಹೋಗುವ ದಾರಿಗೂ ಬರುವ ದಾರಿಗೂ ಕನಿಷ್ಠ ಒಂದು ನಗರದ ವ್ಯತ್ಯಾಸವಿತ್ತು.

ಆದ್ದರಿಂದ ಐದನೆಯ ಸಾಲಿನಿಂದ ಪ್ಯಾಕೆಟ್ ನಷ್ಟ ಶುರುವಾಗಿ ಕೊನೆಯವರೆಗೂ ಕಂಡರೂ, ಐದನೆಯ ರೂಟರ್‌ವರೆಗಿನ ತಂತಿಯೇ ಅಪರಾಧಿ ಎನ್ನಲಾಗದು. ಅಲ್ಲಿಂದ ಆಚೆಗಿನ ಜಾಲ ತನ್ನ ಉತ್ತರಗಳನ್ನು ಬೇರೊಂದು ದಟ್ಟಣೆಯ ದಾರಿಯಲ್ಲಿ ಕಳಿಸುತ್ತಿರಬಹುದು. ಅದನ್ನು ತಿಳಿಯಲು ಆಚೆ ತುದಿಯಿಂದಲೂ ಈಚೆಗೆ ಒಂದು ಟ್ರೇಸ್‌ರೂಟ್ ಓಡಿಸಬೇಕು. ದೂರು ಕೊಟ್ಟವರನ್ನು ಜಾಲದ ಎಂಜಿನಿಯರ್‌ಗಳು ಎರಡೂ ದಿಕ್ಕಿನ ಫಲಿತಾಂಶ ಕೇಳುವುದು ಇದಕ್ಕಾಗಿಯೇ.

ಮೂರು ಪ್ಯಾಕೆಟ್ ಸಾಲದು

ಮೂರರಲ್ಲಿ ಒಂದು ಕಳೆದರೆ ನಷ್ಟ ಶೇಕಡಾ 33 ಎಂದು ಹೇಳಿದಂತಾಗುತ್ತದೆ. ಅದಕ್ಕೆ ಅರ್ಥವಿಲ್ಲ. 1997ರಲ್ಲಿ ಮ್ಯಾಟ್ ಕಿಂಬಾಲ್ ಬರೆದ `mtr` ಟ್ರೇಸ್‌ರೂಟನ್ನು ಬಿಡದೆ ಓಡಿಸಿ, ಪ್ರತಿ ಹಾಪ್‌ನ ನಷ್ಟ ಮತ್ತು ಸರಾಸರಿಯನ್ನು ಬೆಳೆಯುವ ಕೋಷ್ಟಕವಾಗಿ ತೋರಿಸಿತು. ಆ ಪ್ರೋಗ್ರಾಂ ಇಲ್ಲದ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪಿಂಗ್‌ನಿಂದಲೇ ಅದೇ ಕೆಲಸ ತೆಗೆಯಬಹುದು:

```
ping -n 100 192.168.1.1
ping -n 100 192.0.2.1
ping -n 100 203.0.113.80
```

ಮೂರನ್ನೂ ಮೂರು ಕಿಟಕಿಗಳಲ್ಲಿ ಒಟ್ಟಿಗೇ ಓಡಿಸಬೇಕು. ಮನೆಯ ರೂಟರಿಗೆ ಒಂದೂ ಕಳೆಯದೆ, ಉಳಿದೆರಡಕ್ಕೂ ಐದಾರು ಕಳೆದರೆ ನಷ್ಟ ಮನೆಗೂ ಸೇವೆ ಕೊಡುವ ಕಂಪನಿಗೂ ನಡುವೆ ಇದೆ. ಮೂರರಲ್ಲೂ ಕಳೆದರೆ ವೈ-ಫೈ ಮೇಲೆ ಅನುಮಾನ ಪಡಬೇಕು. ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಲ್ಲಿ ಜೋಡಿಸಿ ಮತ್ತೆ ಓಡಿಸಿದಾಗ ನಷ್ಟ ನಿಂತರೆ ಅನುಮಾನ ನಿಜ. ನಡುವಿನದಕ್ಕೆ ಮಾತ್ರ ಕಳೆದು ಕೊನೆಯದಕ್ಕೆ ಏನೂ ಕಳೆಯದಿದ್ದರೆ, ಅದು ಮೇಲೆ ಕಂಡ ಮೂರನೆಯ ಸಾಲಿನ ಕತೆಯೇ.

ಮನೆಯೊಳಗಿನ ಸರತಿ

2010ರಲ್ಲಿ ಜಿಮ್ ಗೆಟಿಸ್ ತಮ್ಮ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ಪಿಂಗ್ ಓಡಿಸಿ ನೋಡಿದರು. ಉತ್ತರಗಳು ಒಂದು ಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತಿದ್ದವು. ಮೆಮೊರಿ ಅಗ್ಗವಾದ ಮೇಲೆ ಮೋಡೆಮ್‌ಗಳಲ್ಲಿ ಬಹಳ ದೊಡ್ಡ ಬಫರ್‌ಗಳು ಬಂದಿದ್ದವು. ದಾರಿ ತುಂಬಿದಾಗ ಪ್ಯಾಕೆಟ್ ಬೀಳಿಸುವ ಬದಲು ಅವು ಸರತಿಯಲ್ಲಿ ಕೂಡಿಡುತ್ತಿದ್ದವು. ಪ್ಯಾಕೆಟ್ ಬಿದ್ದರೆ ಕಳಿಸುವ ಯಂತ್ರಕ್ಕೆ ನಿಧಾನಿಸಬೇಕೆಂದು ತಿಳಿಯುತ್ತದೆ. ಬೀಳದಿದ್ದರೆ ಅದು ಸುರಿಯುತ್ತಲೇ ಇರುತ್ತದೆ. ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ಬಳಕೆಗೆ ತಂದರು.

ಮೇಲಿನ ಮನೆಯಲ್ಲೇ, ಸಂಜೆ ಫೋನಿನ ಫೋಟೊಗಳೆಲ್ಲ ಕ್ಲೌಡ್‌ಗೆ ಏರುತ್ತಿರುವಾಗ, ಟ್ರೇಸ್‌ರೂಟ್ ಹೀಗೆ ಕಾಣಬಹುದು:

```
  1     2 ms     3 ms     2 ms  192.168.1.1
  2   312 ms   298 ms   331 ms  192.0.2.1
  3   305 ms   322 ms   317 ms  198.51.100.9
```

ಇಲ್ಲಿ ಏರಿಕೆ ಎರಡನೆಯ ಸಾಲಿನಲ್ಲಿ ಶುರುವಾಗಿ ಮುಂದಕ್ಕೂ ಉಳಿದಿದೆ, ಆದ್ದರಿಂದ ನಿಜವಾದದ್ದು. ಆದರೆ ಎರಡನೆಯ ವಿಳಾಸ ಕಂಪನಿಯದೆಂದು ಕಂಪನಿಯನ್ನು ದೂರಿದರೆ ತಪ್ಪಾದೀತು. ಸರತಿ ಇರುವುದು ಮನೆಯ ಪೆಟ್ಟಿಗೆಯಿಂದ ಹೊರಡುವ ಬಾಗಿಲಲ್ಲಿ. ಮೊದಲ ಸಾಲಿನ ಉತ್ತರ ಆ ಬಾಗಿಲನ್ನು ದಾಟುವುದೇ ಇಲ್ಲವಾದ್ದರಿಂದ 2 ಮಿಲಿಸೆಕೆಂಡಿಗೇ ಬರುತ್ತದೆ. ಫೋಟೊ ಏರಿಸುವುದನ್ನು ನಿಲ್ಲಿಸಿ ಮತ್ತೆ ನೋಡಿದಾಗ ಎರಡನೆಯ ಸಾಲು 9ಕ್ಕೆ ಇಳಿದರೆ ಕಾರಣ ಖಚಿತ. ಮನೆಯ ಉಳಿದೆಲ್ಲ ಯಂತ್ರಗಳನ್ನು ಬಿಡಿಸಿಟ್ಟರೂ 300ರಲ್ಲೇ ನಿಂತರೆ ಆಗ ದೂರಿಗೆ ಆಧಾರವಿದೆ.

ಈ ಸರತಿಗೆ ಮದ್ದು ಹುಡುಕಿದವರಲ್ಲಿ ಮತ್ತೆ ವ್ಯಾನ್ ಜೇಕಬ್‌ಸನ್ ಇದ್ದರು. ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಅವರು 2012ರಲ್ಲಿ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ, ಪ್ಯಾಕೆಟ್ಟೊಂದು ಸರತಿಯಲ್ಲಿ ಕಾದ ಸಮಯವನ್ನು ಗಮನಿಸುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದೆ 100 ಮಿಲಿಸೆಕೆಂಡ್ ಕಳೆದರೆ ಪ್ಯಾಕೆಟ್‌ಗಳನ್ನು ಬೀಳಿಸಲು ತೊಡಗುತ್ತದೆ. ಅದೇ ವರ್ಷ ಅದು ಲಿನಕ್ಸ್ 3.5ಕ್ಕೆ ಸೇರಿತು, ಅದರಿಂದ ಬೆಳೆದ `fq_codel` ಕೂಡ ಜೊತೆಗೇ ಬಂತು. ಅದನ್ನು ಸರಿಯಾಗಿ ಅಳವಡಿಸಿದ ರೂಟರಿನ ಮನೆಯಲ್ಲಿ, ಫೋಟೊಗಳು ಏರುತ್ತಿರುವಾಗಲೂ ಎರಡನೆಯ ಸಾಲು ಹತ್ತಿಪ್ಪತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲೇ ನಿಲ್ಲುತ್ತದೆ.