ಹಿಮಯುಗ ತಂದದ್ದು ತಂಪು ಬೇಸಿಗೆ

ಹಿಮಯುಗಕ್ಕೆ ಬೇಕಾದದ್ದು ಕಡು ಚಳಿಗಾಲಕ್ಕಿಂತ ಹೆಚ್ಚಾಗಿ ತಂಪಾದ ಬೇಸಿಗೆ. ಉತ್ತರದ 65 ಡಿಗ್ರಿ ಅಕ್ಷಾಂಶದಲ್ಲಿ ಬೇಸಿಗೆಯ ಬಿಸಿಲು ಕುಗ್ಗಿದರೆ ಚಳಿಗಾಲದ ಹಿಮ ಪೂರ್ತಿ ಕರಗದೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ಎಂಬುದು ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಅವರ ಲೆಕ್ಕ. ಬಲವಾದ ಸಾಕ್ಷಿ 1976ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ತಳದ ಕೆಸರಿನಿಂದ ಬಂತು. ಹಗುರ ಆಮ್ಲಜನಕ ನೆಲದ ಹಿಮದಲ್ಲಿ ಸೆರೆಯಾದಾಗ ಕಡಲಲ್ಲಿ ಭಾರದ್ದರ ಪಾಲು ಹೆಚ್ಚುತ್ತದೆ. ಸೂಕ್ಷ್ಮಜೀವಿಗಳ ಚಿಪ್ಪುಗಳಲ್ಲಿ ಉಳಿದ ಆ ಗುರುತು, ಭೂಮಿಯ ಅಕ್ಷ ಓಲಾಡುವ ಸುಮಾರು 23,000 ವರ್ಷ ಮತ್ತು ಅದರ ವಾಲಿಕೆ ಬದಲಾಗುವ 41,000 ವರ್ಷಗಳ ಲಯಕ್ಕೆ ಹೊಂದಿತು.

ಆದರೆ ಈಚಿನ ಹಿಮಯುಗಗಳ ಮುಖ್ಯ ಲಯ ಸುಮಾರು 1,00,000 ವರ್ಷ. ಭೂಮಿಯ ಕಕ್ಷೆಯ ಆಕಾರ ಅದೇ ಲಯದಲ್ಲಿ ಬದಲಾದರೂ ಒಟ್ಟು ಬಿಸಿಲು ಅತ್ಯಲ್ಪವೇ ಬದಲಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಕ್ಷೆ ಕೊಡುವುದು ಆರಂಭದ ತಳ್ಳು ಮಾತ್ರ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಚಳಿ ಇನ್ನಷ್ಟು ಬಲಿಯುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಈ ಇಳಿಕೆಯನ್ನು ನೇರವಾಗಿ ತೋರಿಸುತ್ತವೆ.