ದತ್ತಾಂಶ ಸೋರಿಕೆಯ ಪತ್ರವನ್ನು ತಿದ್ದಿ ಬರೆಯುವುದು: ಏರ್ ಇಂಡಿಯಾ, 2021

2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಒಂದು ಇಮೇಲ್ ಕಳುಹಿಸಿತು. ಸಂಸ್ಥೆಯ ಪ್ರಯಾಣಿಕ ಸೇವಾ ವ್ಯವಸ್ಥೆಯನ್ನು ನಿರ್ವಹಿಸುತ್ತಿದ್ದ ಸೀಟಾ ಕಂಪನಿಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದಿತ್ತು. 2011ರ ಆಗಸ್ಟ್‌ನಿಂದ 2021ರ ಫೆಬ್ರವರಿವರೆಗೆ ದಾಖಲಾದ ವಿವರಗಳು ದಾಳಿಗೆ ಸಿಕ್ಕಿದ್ದವು. ಜಗತ್ತಿನಾದ್ಯಂತ ಸುಮಾರು 45 ಲಕ್ಷ ಜನರ ಹೆಸರು, ಜನ್ಮದಿನಾಂಕ, ಸಂಪರ್ಕ ವಿವರ, ಪಾಸ್‌ಪೋರ್ಟ್ ಮತ್ತು ಟಿಕೆಟ್ ಮಾಹಿತಿ, ಕ್ರೆಡಿಟ್ ಕಾರ್ಡ್ ವಿವರ ಅದರಲ್ಲಿದ್ದವು. ಇವೆಲ್ಲವನ್ನೂ ಪತ್ರ ಹೇಳಿತ್ತು. ಹಾಗಾಗಿ ಇದನ್ನು ಮುಚ್ಚಿಟ್ಟ ಪತ್ರ ಎನ್ನಲಾಗದು. ಎಲ್ಲವನ್ನೂ ಹೇಳಿಯೂ ಓದುಗನಿಗೆ ಮುಂದೇನು ಮಾಡಬೇಕೆಂಬುದನ್ನು ಸರಿಯಾಗಿ ತಿಳಿಸದ ಪತ್ರವಾದ್ದರಿಂದಲೇ ಇದನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಮೊದಲ ತೊಡಕು ಕ್ರಿಯಾಪದದ್ದು. ಇಂಥ ಘಟನೆಗೆ ಕನ್ನಡದಲ್ಲಿ ನಾವು 'ಸೋರಿಕೆ' ಎನ್ನುತ್ತೇವೆ. ಮಾಡು ಸೋರುತ್ತದೆ, ಕೊಡ ಸೋರುತ್ತದೆ. ಸೋರುವುದಕ್ಕೆ ಕರ್ತೃ ಬೇಕಿಲ್ಲ. ಪತ್ರ ಬರೆಯುವ ಕಂಪನಿಗೆ ಇದು ಅನುಕೂಲವೇ. 'ಕಳವಾಯಿತು' ಎಂದರೆ ಕಳ್ಳನೇನೋ ಬರುತ್ತಾನೆ, ಆದರೆ ಇನ್ನೊಂದು ತಪ್ಪು ಕಲ್ಪನೆಯೂ ಅವನ ಜೊತೆಗೇ ಬರುತ್ತದೆ. ಕಳವಾದ ವಸ್ತು ಮನೆಯಲ್ಲಿ ಇರುವುದಿಲ್ಲ, ಸಿಕ್ಕರೆ ಮರಳಿ ಬರುತ್ತದೆ. ದತ್ತಾಂಶ ಹಾಗಲ್ಲ. ಅದು ಇದ್ದಲ್ಲೇ ಇರುತ್ತದೆ, ಅದರ ಪ್ರತಿ ಮಾತ್ರ ಬೇರೆಯವರ ಕೈಯಲ್ಲಿರುತ್ತದೆ, ಅದನ್ನು ಮರಳಿ ಪಡೆಯುವ ದಾರಿಯಿಲ್ಲ. 'ಯಾರೋ ಒಳನುಗ್ಗಿ ನಿಮ್ಮ ವಿವರಗಳನ್ನು ನಕಲು ಮಾಡಿಕೊಂಡಿದ್ದಾರೆ' ಎಂಬ ವಾಕ್ಯದಲ್ಲಿ ಕರ್ತೃವೂ ಇದೆ, ಆದ ಕೆಲಸದ ನಿಜ ಸ್ವರೂಪವೂ ಇದೆ.

ಎರಡನೆಯದು ಸಮಾಧಾನದ ಮಾತು. ಸರ್ವರ್‌ಗಳನ್ನು ಭದ್ರಪಡಿಸಿದ ಮೇಲೆ ಅಸಹಜ ಚಟುವಟಿಕೆ ಕಂಡುಬಂದಿಲ್ಲ ಎಂಬ ಭರವಸೆ ಪತ್ರದಲ್ಲಿತ್ತು. ಈ ಮಾತು ಸರ್ವರ್‌ಗಳ ಬಗ್ಗೆ ನಿಜವಿರಬಹುದು. ಆದರೆ ಪ್ರಯಾಣಿಕನ ಚಿಂತೆ ಸರ್ವರ್‌ನದ್ದಲ್ಲ, ಅದರಿಂದ ಹೊರಗೆ ಹೋದ ಪ್ರತಿಯದ್ದು. ಬಾಗಿಲಿಗೆ ಹೊಸ ಬೀಗ ಹಾಕಿದ ಮೇಲೆ ಯಾರೂ ಬಂದಿಲ್ಲ ಎಂದರೆ ಹಿಂದಿನ ರಾತ್ರಿ ಹೋದದ್ದು ಎಲ್ಲಿದೆ ಎಂಬುದಕ್ಕೆ ಉತ್ತರ ಸಿಕ್ಕಂತಾಗದು. ಅವಸರದಲ್ಲಿ ಓದುವವನು ಇದನ್ನು 'ನನ್ನ ಮಾಹಿತಿ ದುರ್ಬಳಕೆ ಆಗಿಲ್ಲ' ಎಂದೇ ಅರ್ಥಮಾಡಿಕೊಳ್ಳುತ್ತಾನೆ. ಇದು ಒಂದು ಸಂಸ್ಥೆಯ ಚಾಳಿಯಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 161 ಸೋರಿಕೆ ಪತ್ರಗಳನ್ನು ಓದಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಪಾಯವನ್ನು ತೇಲಿಸಿ ಹೇಳುವ ಇಂಥ ಮಾತುಗಳನ್ನು ಗುರುತಿಸಿತ್ತು.

ಮೂರನೆಯದೇ ನನ್ನ ಮಟ್ಟಿಗೆ ಮುಖ್ಯವಾದದ್ದು. ಪಾಸ್‌ವರ್ಡ್‌ಗಳಿಗೆ ಧಕ್ಕೆಯಾಗಿಲ್ಲ ಎಂದು ಪತ್ರವೇ ಹೇಳಿತ್ತು. ಆದರೂ ಪ್ರಯಾಣಿಕರಿಗೆ ಅದು ಕೊಟ್ಟ ಸಲಹೆ, ಅನ್ವಯವಾಗುವ ಕಡೆ ಪಾಸ್‌ವರ್ಡ್ ಬದಲಿಸಿ ಎಂಬುದು. ಹೋದದ್ದು ಪಾಸ್‌ಪೋರ್ಟ್ ಮತ್ತು ಕಾರ್ಡ್ ವಿವರ, ಮದ್ದು ಪಾಸ್‌ವರ್ಡ್‌ಗೆ. ಪಾಸ್‌ವರ್ಡ್ ಬದಲಿಸಿದವನು ತನ್ನ ಪಾಲಿನ ಕೆಲಸ ಮುಗಿಯಿತೆಂದು ಸುಮ್ಮನಾದರೆ ತಪ್ಪು ಅವನದಲ್ಲ. ಅಪಾಯವನ್ನು ಬಿಡಿಸಿ ಬರೆಯದೆ ಕ್ರಮವನ್ನು ಮಾತ್ರ ಬರೆದಾಗ ಹೀಗಾಗುತ್ತದೆ. ಯಾವ ವಿವರ ಹೋದರೆ ಯಾರು ಏನು ಮಾಡಬಲ್ಲರು ಎಂದು ಬರೆದುಕೊಂಡರೆ, ಮಾಡಬೇಕಾದ ಕೆಲಸ ಅದರಿಂದಲೇ ಹೊರಡುತ್ತದೆ.

ಕಾರ್ಡ್ ವಿವರವನ್ನೇ ನೋಡೋಣ. ಸಿವಿವಿ ಸಂಖ್ಯೆ ತನ್ನ ಸೇವಾ ಕಂಪನಿಯ ಬಳಿ ಇರಲಿಲ್ಲ ಎಂದು ಏರ್ ಇಂಡಿಯಾ ಹೇಳಿತು. ಭಾರತದೊಳಗಿನ ಆನ್‌ಲೈನ್ ಪಾವತಿಗೆ ಸಾಮಾನ್ಯವಾಗಿ ಒಟಿಪಿಯೂ ಬೇಕಾಗುವುದರಿಂದ ಇದು ನಿಜವಾದ ನೆಮ್ಮದಿ. ಆದರೆ ವಿದೇಶದ ಕೆಲವು ಜಾಲತಾಣಗಳು ಒಟಿಪಿ ಕೇಳುವುದಿಲ್ಲ, ಕೆಲವು ಸಿವಿವಿಯನ್ನೂ ಕೇಳುವುದಿಲ್ಲ. ಹಾಗಾಗಿ ಸರಿಯಾದ ಸಲಹೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಬಂದ್ ಮಾಡುವುದು; ಕಾರ್ಡ್‌ನ ಅವಧಿ ಮುಗಿದಿರದಿದ್ದರೆ ಹೊಸದಕ್ಕೆ ಬದಲಿಸುವುದು. ಪಾಸ್‌ಪೋರ್ಟ್ ಸಂಗತಿ ಬೇರೆ. ಸಂಖ್ಯೆ ತಿಳಿದ ಮಾತ್ರಕ್ಕೆ ಯಾರೂ ಗಡಿ ದಾಟಲಾರರು. ಆದರೆ ಜನ್ಮದಿನಾಂಕ ಮತ್ತು ಟಿಕೆಟ್ ವಿವರದ ಜೊತೆ ಸೇರಿದರೆ ಅದು ನಂಬಿಸುವ ಫೋನ್ ಕರೆಗೆ ಬಂಡವಾಳ. 'ನೀವು ಇಂಥ ದಿನ ಇಂಥ ಊರಿಗೆ ಹೋಗಿದ್ದಿರಿ' ಎಂದು ಸರಿಯಾಗಿ ಹೇಳುವವನನ್ನು ಸಂಸ್ಥೆಯವನೇ ಎಂದು ನಂಬುವುದು ಸಹಜ.

ತನ್ನ ಎಲ್ಲ ವಿವರವೂ ನಕಲಾದ ಒಬ್ಬ ಪ್ರಯಾಣಿಕನಿಗೆ ಬರೆದ ಪತ್ರ ಹೀಗಿರಬಹುದು. ಸಹಾಯವಾಣಿಯ ಸಂಖ್ಯೆಯನ್ನು ಮಾತ್ರ ಇಂದಿನದಕ್ಕೆ ಬದಲಿಸಿದ್ದೇನೆ.

"ನಿಮ್ಮ ಹೆಸರು, ಜನ್ಮದಿನಾಂಕ, ಫೋನ್ ನಂಬರ್, ಪಾಸ್‌ಪೋರ್ಟ್ ವಿವರ, ಟಿಕೆಟ್ ವಿವರ ಮತ್ತು ಕಾರ್ಡ್ ವಿವರ ಅಪರಿಚಿತರ ಕೈಗೆ ಹೋಗಿವೆ. ನಮ್ಮ ಪ್ರಯಾಣಿಕರ ಮಾಹಿತಿಯನ್ನು ನಮ್ಮ ಪರವಾಗಿ ಇಟ್ಟುಕೊಂಡಿದ್ದ ಸೀಟಾ ಎಂಬ ಕಂಪನಿಯ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿ ಇವುಗಳನ್ನು ನಕಲು ಮಾಡಿಕೊಂಡಿದ್ದಾರೆ. ನಿಮ್ಮ ಪಾಸ್‌ವರ್ಡ್ ಮತ್ತು ಸಿವಿವಿ ಹೋಗಿಲ್ಲ.

ದಾಳಿಯ ಸುದ್ದಿ ನಮಗೆ ಫೆಬ್ರವರಿ 25ರಂದು ಬಂತು. ಯಾರ ಮಾಹಿತಿ ಹೋಗಿದೆ ಎಂಬ ಪಟ್ಟಿ ಮಾರ್ಚ್ 25 ಮತ್ತು ಏಪ್ರಿಲ್ 5ರಂದು ಸಿಕ್ಕಿತು. ನಿಮಗೆ ತಿಳಿಸುವುದು ತಡವಾಗಿದೆ. ನಕಲಾದ ಮಾಹಿತಿ ಈಗ ಯಾರ ಬಳಿ ಇದೆ ಎಂದು ನಮಗೆ ಗೊತ್ತಿಲ್ಲ.

ಇವತ್ತೇ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್‌ನ ವಿದೇಶಿ ಬಳಕೆಯನ್ನು ಬಂದ್ ಮಾಡಿ. ಅದೇ ಕಾರ್ಡ್ ಈಗಲೂ ಚಾಲ್ತಿಯಲ್ಲಿದ್ದರೆ ಹೊಸ ಕಾರ್ಡ್ ಕೇಳಿ. ನೀವು ಮಾಡದ ಖರ್ಚು ಕಂಡರೆ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ನಿಮ್ಮ ಪ್ರಯಾಣದ ವಿವರ ಹೇಳಿ ಯಾರಾದರೂ ರೀಫಂಡ್ ಕೊಡುತ್ತೇವೆಂದು ಕರೆ ಮಾಡಿದರೆ ಫೋನ್ ಇಟ್ಟುಬಿಡಿ. ನಾವು ಒಟಿಪಿ ಕೇಳುವುದಿಲ್ಲ. ಪಾಸ್‌ಪೋರ್ಟನ್ನು ಈ ಕಾರಣಕ್ಕೆ ಬದಲಿಸಬೇಕಿಲ್ಲ. ಈ ಪತ್ರದಲ್ಲಿ ಯಾವ ಲಿಂಕ್ ಕೂಡ ಇಲ್ಲ. ಏನಾದರೂ ಕೇಳುವುದಿದ್ದರೆ ನಿಮ್ಮ ಟಿಕೆಟ್ ಮೇಲಿರುವ ಸಂಖ್ಯೆಗೇ ಕರೆ ಮಾಡಿ."

ಮೂರು ಕೆಲಸದ ದಿನಗಳ ಗಡುವು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯದು. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಮೂರನೆಯವರಿಂದ ಆದಾಗ, ಅಷ್ಟರೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊಣೆ ಬೀಳದು ಎಂಬುದು ಅದರ ನಿಯಮ. ಲಿಂಕ್ ಇಲ್ಲದಿರುವುದಕ್ಕೂ ಕಾರಣವಿದೆ: ಸೋರಿಕೆಯ ಸುದ್ದಿ ಹರಡಿದ ಮರುದಿನವೇ ಅದೇ ಮಾದರಿಯ ನಕಲಿ ಪತ್ರಗಳು ಹೊರಡಬಹುದು. ಅಸಲಿ ಪತ್ರದಲ್ಲಿ ಲಿಂಕ್ ಇದ್ದರೆ ನಕಲಿಯನ್ನು ಗುರುತಿಸುವ ಗುರುತೇ ಉಳಿಯದು.

ಪತ್ರದ ಅತ್ಯಂತ ಕಷ್ಟದ ವಾಕ್ಯ 'ನಮಗೆ ಗೊತ್ತಿಲ್ಲ' ಎಂಬುದು. ವಕೀಲರ ಮೇಜಿನ ಮೇಲೆ ಮೊದಲು ಹೊಡೆತ ಬೀಳುವುದು ಇದಕ್ಕೇ, 'ತಡವಾಗಿದೆ' ಎಂಬುದಕ್ಕೆ ಆಮೇಲೆ. ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ತಿರುಗುಬಾಣವಾದೀತೆಂಬ ಅವರ ಭಯ ಸುಳ್ಳಲ್ಲ. ಇನ್ನೊಂದು ಮಿತಿ ತಾಂತ್ರಿಕವಾದದ್ದು. ಪ್ರತಿಯೊಬ್ಬರಿಗೂ ಅವರವರ ವಿವರ ಮಾತ್ರ ನಮೂದಿಸಿ ಬರೆಯಲು ಯಾರ ದಾಖಲೆಯಲ್ಲಿ ಯಾವ ಕಾಲಂ ತುಂಬಿತ್ತು ಎಂಬುದು ತಿಳಿದಿರಬೇಕು. ತಿಳಿಯದಿದ್ದರೆ 'ಇವುಗಳಲ್ಲಿ ನಿಮ್ಮದು ಯಾವುದೆಂದು ಇನ್ನೂ ಖಚಿತವಾಗಿಲ್ಲ, ಎಲ್ಲವೂ ಹೋಗಿದೆ ಎಂದೇ ಎಣಿಸಿ' ಎಂದು ಬರೆಯಬೇಕೇ ಹೊರತು, 'ಕೆಲವು ಪ್ರಯಾಣಿಕರ ಕೆಲವು ವಿವರ' ಎಂದು ಜಾರಿಕೊಳ್ಳಬಾರದು.

2021ರಲ್ಲಿ ಇಂಥ ಪತ್ರದಲ್ಲಿ ಏನಿರಬೇಕೆಂದು ಹೇಳುವ ಸಮಗ್ರ ಕಾನೂನು ಭಾರತದಲ್ಲಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮತ್ತು 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳು ಆ ಕೊರತೆಯನ್ನು ತುಂಬುತ್ತವೆ. ಏನಾಯಿತು, ಅದರಿಂದ ಆ ವ್ಯಕ್ತಿಗೆ ಆಗಬಹುದಾದ ಪರಿಣಾಮವೇನು, ಸಂಸ್ಥೆ ಏನು ಮಾಡುತ್ತಿದೆ, ವ್ಯಕ್ತಿ ಏನು ಮಾಡಬಹುದು, ಯಾರನ್ನು ಕೇಳಬೇಕು ಎಂಬ ಐದು ಸಂಗತಿಗಳನ್ನು ಚುಟುಕಾಗಿ, ಸರಳವಾಗಿ, ತಡಮಾಡದೆ ತಿಳಿಸಬೇಕು ಎನ್ನುತ್ತವೆ. ಆದರೆ ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ಕಾಯ್ದೆ ಸ್ಪಷ್ಟವಾಗಿ ಕೊಟ್ಟಿದೆ. ಸೋರಿಕೆಯ ಪತ್ರಕ್ಕೆ ಆ ಮಾತನ್ನು ನಿಯಮ ಹೇಳುವುದಿಲ್ಲ. ಅಂದರೆ ಮಾಹಿತಿ ಕೊಡಿ ಎಂದು ಕನ್ನಡದಲ್ಲಿ ಕೇಳಿದ ಸಂಸ್ಥೆ, ಅದು ಕೈತಪ್ಪಿದ ಸುದ್ದಿಯನ್ನು ಇಂಗ್ಲಿಷಿನಲ್ಲಷ್ಟೇ ತಿಳಿಸಿದರೂ ಈ ನಿಯಮದ ಅಕ್ಷರವನ್ನು ಮೀರಿದಂತಾಗುವುದಿಲ್ಲ.